ಗ್ಯಾದರಿಂಗಿನ ಸ್ವಾಗತವನ್ನು ಹಿಂದಿಗೆ ತರುವಾಗ

ಪ್ರಶ್ನೆ: ಕಾರವಾರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನೌಕಾನೆಲೆಯ ಕಮಾಂಡರ್ ಒಬ್ಬರು ಮುಖ್ಯ ಅತಿಥಿ. ಅವರಿಗೆ ಕನ್ನಡ ಬಾರದು. ಸ್ವಾಗತ ನನ್ನ ಪಾಲಿಗೆ ಬಂದಿದೆ, ಹಿಂದಿಯಲ್ಲೂ ಹೇಳಬೇಕಂತೆ. ದೇವನಾಗರಿ ಓದುವ ರೂಢಿ ತಪ್ಪಿದ್ದರಿಂದ ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದೇನೆ. ಸರಿ ಇದೆಯೇ ನೋಡಿ ಹೇಳಿ.

ಕನ್ನಡ: “ಬಿಡುವಿಲ್ಲದ ಕಾರ್ಯಗಳ ನಡುವೆಯೂ ನಮ್ಮ ಕರೆಗೆ ಓಗೊಟ್ಟು ಆಗಮಿಸಿ ಇಂದಿನ ವೇದಿಕೆಯನ್ನು ಅಲಂಕರಿಸಿರುವ, ಭಾರತೀಯ ನೌಕಾಪಡೆಯಲ್ಲಿ ಇಪ್ಪತ್ತು ವರ್ಷಗಳಿಂದ ಸೇವೆ ಸಲ್ಲಿಸುತ್ತಿರುವ, ಇಂದಿನ ಮುಖ್ಯ ಅತಿಥಿಗಳಾದ ಕಮಾಂಡರ್ ಶ್ರೀ … ಅವರನ್ನು ಶಾಲೆಯ ಪರವಾಗಿ ತುಂಬು ಹೃದಯದಿಂದ ಸ್ವಾಗತಿಸುತ್ತೇನೆ.”

ಹಿಂದಿ: “ಖಾಲೀ ಸಮಯ ನಹೀಂ ಹೋನೇ ಪರ ಭೀ ಹಮಾರೇ ಬುಲಾವೇ ಕೋ ಮಾನಕರ ಆಕರ ಆಜ ಕೇ ವೇದಿಕಾ ಕೋ ಅಲಂಕೃತ ಕರನೇವಾಲೇ, ಭಾರತೀಯ ನೌಕಾ ಪಡೆ ಮೇಂ ಬೀಸ ಸಾಲ ಸೇ ಸೇವಾ ಕರನೇವಾಲೇ, ಆಜ ಕೇ ಮುಖ್ಯ ಅತಿಥಿ ಕಮಾಂಡರ್ ಶ್ರೀ … ಜೀ ಕೋ ವಿದ್ಯಾಲಯ ಕೀ ತರಫ ಸೇ ಭರೇ ಹೃದಯ ಸೇ ಸ್ವಾಗತ ಕರತಾ ಹೂಂ.”

ಉತ್ತರ: ಅಕ್ಕೋರೇ, ಬೇರೆ ಏನನ್ನು ಬಿಟ್ಟರೂ ‘ಭರೇ ಹೃದಯ ಸೇ’ ಎಂಬುದನ್ನು ಇವತ್ತೇ ಹೊಡೆದು ಹಾಕಿ. ನಮ್ಮಲ್ಲಿ ಹೃದಯ ತುಂಬುವುದು ಸಂತೋಷಕ್ಕೆ. ಹಿಂದಿಯಲ್ಲಿ ‘ಭರೇ ಮನ್ ಸೇ’ ಅಂದರೆ ದುಃಖ ಒತ್ತಿಕೊಂಡು, ಕಣ್ಣೀರು ತಡೆದುಕೊಂಡು ಎಂದರ್ಥ. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ತೀರಿಕೊಂಡವರಿಗೆ ಶ್ರದ್ಧಾಂಜಲಿ ಹೇಳುವಾಗ ಬರುವ ಮಾತು ಅದು. ಬಂದ ಅತಿಥಿಯನ್ನು ಅಳುಮೋರೆಯಲ್ಲಿ ಬರಮಾಡಿಕೊಂಡ ಹಾಗಾಗುತ್ತದೆ. ‘ಹಾರ್ದಿಕ್ ಸ್ವಾಗತ್’ ಅನ್ನಿ, ನಿಮಗೆ ಬೇಕಾದ ತುಂಬು ಹೃದಯ ಅದರಲ್ಲೇ ಇದೆ.

ಇನ್ನು ನಿಮ್ಮ ವಾಕ್ಯದ ಬೆನ್ನೆಲುಬಿಗೆ ಬರೋಣ. ಕನ್ನಡದ ಸ್ವಾಗತ ವಾಕ್ಯ ಒಂದು ಮಾಲೆ. ‘ಆಗಮಿಸಿ’, ‘ಅಲಂಕರಿಸಿರುವ’, ‘ಸಲ್ಲಿಸುತ್ತಿರುವ’ ಎಂದು ಹೂ ಪೋಣಿಸುತ್ತಾ ಹೋಗಿ ಕೊನೆಯಲ್ಲಿ ಹೆಸರು ಕಟ್ಟುತ್ತೇವೆ. ಹೆಸರು ತಡವಾಗಿ ಬಂದಷ್ಟೂ ಅದಕ್ಕೆ ತೂಕ, ಚಪ್ಪಾಳೆ ಬೀಳುವುದೂ ಅಲ್ಲಿಯೇ. ಕನ್ನಡದಲ್ಲಿ ಹತ್ತು ವಿಶೇಷಣ ಒಟ್ಟಿದರೂ ಕೇಳುವವರಿಗೆ ಉಸಿರು ಕಟ್ಟುವುದಿಲ್ಲ. ಹಿಂದಿಯಲ್ಲಿ ಆ ಕೆಲಸ ಮಾಡುವ ‘ವಾಲೇ’ ಒಂದು ಸಲ ಬಂದರೆ ಚೆನ್ನ, ಎರಡು ಸಲ ಬಂದರೆ ಸಹಿಸಬಹುದು. ಆಮೇಲೆ ಕೇಳುವವರು ‘ಯಾರ ಮಾತಿದು’ ಎಂದು ಹೆಸರಿಗಾಗಿ ಕಾಯತೊಡಗುತ್ತಾರೆ. ಹಾಗಾಗಿ ಮಾಲೆಯನ್ನು ಬಿಚ್ಚಿ ಹೂವನ್ನು ಒಂದೊಂದಾಗಿ ಕೊಡಬೇಕು. ಹೆಸರು ಮೊದಲು ಬರಲಿ, ಸ್ವಾಗತ ಅದರ ಬೆನ್ನಿಗೇ ಬರಲಿ, ಉಳಿದದ್ದು ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರಲಿ.

ಆ ಸ್ವಾಗತದ ಕ್ರಿಯಾಪದದಲ್ಲೇ ನಮ್ಮವರು ಅತಿ ಹೆಚ್ಚು ಎಡವುತ್ತಾರೆ. ಕನ್ನಡದಲ್ಲಿ ‘ಅವರನ್ನು ಸ್ವಾಗತಿಸುತ್ತೇನೆ’. ‘ಅನ್ನು’ ಇದ್ದ ಕಡೆಯೆಲ್ಲ ಹಿಂದಿಯಲ್ಲಿ ‘ಕೋ’ ಎಂದು ನಾವೆಲ್ಲ ಪರೀಕ್ಷೆಗಾಗಿ ಕಲಿತವರು. ಆದರೆ ಹಿಂದಿಯಲ್ಲಿ ‘ಸ್ವಾಗತ್’ ನಾಮಪದವಾಗಿಯೇ ಉಳಿಯುತ್ತದೆ, ಯಾರ ಸ್ವಾಗತ ಎಂದು ಕೇಳುತ್ತದೆ. ಅದಕ್ಕೆ ‘ಆಪ್‌ಕಾ ಸ್ವಾಗತ್’, ‘ಮುಖ್ಯ ಅತಿಥಿ ಕಾ ಸ್ವಾಗತ್’ ಎಂದೇ ಬರಬೇಕು. ‘ಜೀ ಕೋ ಸ್ವಾಗತ’ ಎಂದ ಕೂಡಲೇ ಇವರು ದಕ್ಷಿಣದವರು ಎಂದು ಉತ್ತರದವರಿಗೆ ಗೊತ್ತಾಗುತ್ತದೆ. ಅಪರಾಧವೇನಲ್ಲ, ಆದರೆ ಒಂದು ಅಕ್ಷರ ಬದಲಿಸಿದರೆ ಹೋಗುವ ತಪ್ಪನ್ನು ಯಾಕೆ ಉಳಿಸಿಕೊಳ್ಳಬೇಕು? ಸನ್ಮಾನಕ್ಕೂ ಇದೇ ನಿಯಮ: ‘ಆಪ್‌ಕಾ ಸಮ್ಮಾನ್ ಕರ್‌ತೇ ಹೈಂ’.

ಅದೇ ಸಾಲಿನ ಕೊನೆಗೆ ‘ಕರತಾ ಹೂಂ’ ಎಂದು ಬರೆದಿದ್ದೀರಿ. ಯಾವುದೋ ಗಂಡು ಮಾಸ್ತರರ ಹಳೇ ಭಾಷಣ ನೋಡಿ ಇಳಿಸಿಕೊಂಡಿರಬೇಕು. ಕನ್ನಡದ ‘ಸ್ವಾಗತಿಸುತ್ತೇನೆ’ಗೆ ಹೇಳುವವರು ಹೆಣ್ಣೋ ಗಂಡೋ ಎಂಬ ಗೊಡವೆ ಇಲ್ಲ. ಹಿಂದಿಯಲ್ಲಿ ನೀವು ‘ಕರ್‌ತೀ ಹೂಂ’ ಅನ್ನಬೇಕು. ಭಯದಲ್ಲಿ ಮರೆಯುವ ಹಾಗಿದ್ದರೆ ‘ಹಮ್ … ಕರ್‌ತೇ ಹೈಂ’ ಮಾಡಿಬಿಡಿ. ಶಾಲೆಯ ಪರವಾಗಿ ಹೇಳುವ ಮಾತಾದ್ದರಿಂದ ‘ನಾವು’ ಸಹಜವಾಗಿಯೇ ಕೂರುತ್ತದೆ, ಲಿಂಗದ ತಲೆನೋವೂ ತಪ್ಪುತ್ತದೆ.

ಇನ್ನೊಂದು ಗಂಟು ‘ನೇ’. ನಮ್ಮ ಕರೆಗೆ ಓಗೊಟ್ಟರು ಎನ್ನುವುದು ‘ಆಪ್‌ನೇ ಹಮಾರಾ ನಿಮಂತ್ರಣ್ ಸ್ವೀಕಾರ್ ಕಿಯಾ’. ಬಂದರು ಎನ್ನುವುದು ‘ಆಪ್ ಪಧಾರೇ’, ಇಲ್ಲಿ ‘ನೇ’ ಇಲ್ಲ. ಸಕರ್ಮಕ ಕ್ರಿಯೆ ಭೂತಕಾಲಕ್ಕೆ ಹೋದರೆ ‘ನೇ’ ಬರುತ್ತದೆ, ಬರುವುದು ಹೋಗುವುದಕ್ಕೆ ಬರುವುದಿಲ್ಲ. ಮತ್ತೆ ಆಗ ಕ್ರಿಯಾಪದ ಮಾಡಿದವರನ್ನು ಬಿಟ್ಟು ಮಾಡಿದ ವಸ್ತುವಿನ ಬೆನ್ನು ಹಿಡಿಯುತ್ತದೆ. ‘ಆಪ್‌ನೇ ಮಂಚ್ ಕೀ ಶೋಭಾ ಬಢಾಯೀ’ ಎನ್ನುವಾಗ ಕಮಾಂಡರ್ ಗಂಡಸಾದರೂ ‘ಬಢಾಯೀ’ಯೇ, ಯಾಕೆಂದರೆ ಶೋಭೆ ಸ್ತ್ರೀಲಿಂಗ. ಇದು ಕನ್ನಡದ ಮನಸ್ಸಿಗೆ ವಿಚಿತ್ರ. ಆದರೆ ನಿಮ್ಮ ಸ್ಟಾಫ್ ರೂಮಿನಲ್ಲಿ ಮನೆಮಾತು ಕೊಂಕಣಿಯವರು ಯಾರಾದರೂ ಇದ್ದೇ ಇರುತ್ತಾರೆ, ಕಾರವಾರವಲ್ಲವೇ. ಅವರ ‘ತಾಣೆಂ ಕೆಲೆಂ’ ಇದೇ ಜಾತಿಯ ವಾಕ್ಯ. ವ್ಯಾಕರಣದ ಹೆಸರು ಗೊತ್ತಿಲ್ಲದಿದ್ದರೂ ಅವರ ಕಿವಿ ತಪ್ಪನ್ನು ಹಿಡಿಯುತ್ತದೆ. ಬರೆದದ್ದನ್ನು ಅವರಿಗೊಮ್ಮೆ ಓದಿ ಹೇಳಿ.

ಈಗ ಶಬ್ದಗಳು. ‘ಶಬ್ದ ಸಂಸ್ಕೃತದ್ದಲ್ಲವೇ, ಅವರಿಗೂ ಇರುತ್ತದೆ’ ಎಂಬ ಧೈರ್ಯದಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಘಟ್ಟದ ಮೇಲಿನ ಒಂದು ಶಾಲೆಯಲ್ಲಿ, ಉಪನ್ಯಾಸ ಕೊಡಲು ಬಂದ ಅತಿಥಿಯನ್ನು ಪರಿಚಯಿಸುತ್ತಾ ‘ಅಬ್ ಆಪ್ ಹಮೇಂ ಉಪನ್ಯಾಸ್ ದೇಂಗೇ’ ಎಂದುಬಿಟ್ಟೆ. ಅವರು ಪಕ್ಕದವರ ಕಡೆ ಬಾಗಿ ‘ಕೌನ್ ಸಾ ಉಪನ್ಯಾಸ್?’ ಎಂದು ಕೇಳಿದ್ದು ಮೈಕಿಗೂ ಕೇಳಿಸಿತು. ಹಿಂದಿಯಲ್ಲಿ ಉಪನ್ಯಾಸ್ ಎಂದರೆ ಕಾದಂಬರಿ. ನಾನು ಹುಡುಗರಿಗೆ ಹತ್ತು ವರ್ಷದಿಂದ ಅದನ್ನೇ ಕಲಿಸುತ್ತಿದ್ದೆ, ವೇದಿಕೆ ಹತ್ತಿದಾಗ ಬಾಯಿಗೆ ಬಂದದ್ದು ಮಾತ್ರ ಕನ್ನಡದ್ದು.

ನಿಮ್ಮ ಕರಡಿನಲ್ಲಿ ಅಂಥವು ಮೂರಿವೆ. ‘ನೌಕಾ ಪಡೆ’ ಹಿಂದಿಯವರ ಕಿವಿಗೆ ‘ದೋಣಿ ಬಿದ್ದಿವೆ’ ಎಂಬಂತೆ ಕೇಳಬಹುದು, ಯಾಕೆಂದರೆ ಅವರ ‘ಪಡೇ’ ಬೀಳುವುದಕ್ಕೆ ಸಂಬಂಧಿಸಿದ್ದು. ‘ನೌಸೇನಾ’ ಎನ್ನಿ. ‘ವೇದಿಕಾ’ ಯಜ್ಞದ ಕಟ್ಟೆಯನ್ನು ನೆನಪಿಸುತ್ತದೆ, ಸಭೆಯ ವೇದಿಕೆಗೆ ‘ಮಂಚ್’. ಮತ್ತೆ ‘ಕಮಾಂಡರ್ ಶ್ರೀ’ ಬೇಡ. ಸೇನೆಯಲ್ಲಿ ಹುದ್ದೆಯೇ ಗೌರವ, ಹುದ್ದೆ ಬಂದ ಮೇಲೆ ಶ್ರೀ ಹೆಚ್ಚುವರಿ. ‘ಆದರಣೀಯ್ ಕಮಾಂಡರ್’ ಎಂದು ಹೇಳಿ ಹೆಸರು ಹೇಳಿದರೆ ಸಾಕು. ಹುದ್ದೆಯನ್ನು ಮಾತ್ರ ಆಮಂತ್ರಣ ಅಚ್ಚಾಗುವ ಮೊದಲೇ ಅವರ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಲೆಫ್ಟಿನೆಂಟ್ ಕಮಾಂಡರ್ ಬೇರೆ, ಕಮಾಂಡರ್ ಬೇರೆ. ನೌಸೇನೆಯಲ್ಲಿ ಕ್ಯಾಪ್ಟನ್ ಕಮಾಂಡರನಿಗಿಂತ ಮೇಲಿನವರು, ಭೂಸೇನೆಯ ಕ್ಯಾಪ್ಟನ್ ಲೆಕ್ಕದಲ್ಲಿ ಅಳೆಯಬೇಡಿ.

ಅದೇ ಫೋನಿನಲ್ಲಿ ಇನ್ನೊಂದನ್ನೂ ಕೇಳಿಬಿಡಿ: ಸಾಹೇಬರಿಗೆ ಹಿಂದಿ ಮನೆಮಾತೇ? ಕನ್ನಡ ಬಾರದವರೆಲ್ಲ ಹಿಂದಿಯವರು ಎಂದು ನಾವು ತೀರ್ಮಾನ ಮಾಡಿಬಿಡುತ್ತೇವೆ. ಅರ್ಗಾದ ನಮ್ಮ ನೌಕಾನೆಲೆಗೆ ಕೊಚ್ಚಿಯವರೂ ಬರುತ್ತಾರೆ, ವಿಶಾಖಪಟ್ಟಣದವರೂ ಬರುತ್ತಾರೆ. ಮಲಯಾಳಿ ಅಧಿಕಾರಿಯೊಬ್ಬರಿಗೆ ನೀವು ರಾತ್ರಿಯಿಡೀ ಕೂತು ತಯಾರಿಸಿದ ಶುದ್ಧ ಹಿಂದಿಗಿಂತ ನಾಲ್ಕು ಸಾಲು ಇಂಗ್ಲಿಷೇ ಹಿತವಾಗಬಹುದು.

ಹಿಂದಿಯೇ ಎಂದು ಖಾತ್ರಿಯಾದರೆ, ಎದುರಿಗೆ ಕೂತ ಪಾಲಕರ ಕಿವಿಯನ್ನೂ ಮರೆಯಬೇಡಿ. ಅವರಿಗೆ ಹಿಂದಿ ಅಷ್ಟಿಷ್ಟು ಗೊತ್ತು, ಕನ್ನಡ ಪೂರಾ ಗೊತ್ತು. ‘ಮಂಚ್ ಪರ್ ವಿರಾಜ್‌ಮಾನ್’ ಎಂದರೆ ಎಂಟನೇ ತರಗತಿಯ ಹುಡುಗರಿಗೆ ಎಲ್ಲರೂ ಮಂಚದ ಮೇಲೆ ಕೂತ ಚಿತ್ರ ಬಂದೇ ಬರುತ್ತದೆ. ನಗುತ್ತಾರೆ, ನಗಲಿ, ಹಿಂದಿಯಲ್ಲಿ ರೂಢಿಯ ಶಬ್ದ ಅದೇ. ಆದರೆ ನೌಕಾನೆಲೆಗೆ ಹಿಂದಿಯಲ್ಲಿ ಸರಿಯಾಗಿಯೇ ಇರುವ ‘ನೌಸೇನಾ ಅಡ್ಡಾ’ ಎಂಬ ಮಾತನ್ನು ನಮ್ಮೂರಿನಲ್ಲಿ ನಾನು ಬಳಸುವುದಿಲ್ಲ. ಅಡ್ಡೆ ಎಂದ ಕೂಡಲೇ ನಮ್ಮವರಿಗೆ ಇಸ್ಪೀಟು ನೆನಪಾಗುತ್ತದೆ. ‘ನೌಸೇನಾ ಬೇಸ್’ ಎಂದರೆ ಇಬ್ಬರಿಗೂ ಸರಿ. ಪಾಲಕರನ್ನೇ ಹಿಂದಿಯಲ್ಲಿ ಕರೆಯುವಾಗಲೂ ಎಚ್ಚರ. ‘ಪಾಲಕ್’ ಎಂದು ತಾಯಿ ತಂದೆಗೆ ಕೆಲವು ಕಡೆ ಹೇಳುವುದುಂಟು, ಆದರೆ ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವುದು ಪಾಲಕ್ ಸೊಪ್ಪು. ‘ಅಭಿಭಾವಕ್’ ಎನ್ನಿ.

ಅಷ್ಟಾದ ಮೇಲೂ ಇಡೀ ಸ್ವಾಗತವನ್ನು ಹಿಂದಿಗೆ ಮಾಡಲು ಹೋಗಬೇಡಿ. ನಮ್ಮ ಕಡೆಯ ಸ್ವಾಗತ ಎಂದರೆ ಅಧ್ಯಕ್ಷರು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಎಸ್‌ಡಿಎಂಸಿಯವರು, ಪಂಚಾಯ್ತಿಯವರು, ಡೆಸ್ಕು ಕೊಡಿಸಿದ ದಾನಿಗಳು, ಹಳೇ ವಿದ್ಯಾರ್ಥಿಗಳು, ಹೀಗೆ ಒಂದು ಮೆರವಣಿಗೆ. ಒಬ್ಬೊಬ್ಬರಿಗೂ ಹೂ ಕೊಡುವ ಹುಡುಗಿ ಬಂದು ಹೋಗಬೇಕು. ಕನ್ನಡದಲ್ಲೇ ಆರೇಳು ನಿಮಿಷ ಹಿಡಿಯುತ್ತದೆ, ಸಾಲಿಗೊಂದು ಹಿಂದಿ ಸೇರಿಸಿದರೆ ಕಾಲು ಗಂಟೆ. ಗ್ರೀನ್ ರೂಮಿನಲ್ಲಿ ಸುಗ್ಗಿ ಕುಣಿತಕ್ಕೆ ತುರಾಯಿ ಕಟ್ಟಿಕೊಂಡ ಮಕ್ಕಳು ಬೆವರುತ್ತಿರುತ್ತಾರೆ. ಆ ಪಟ್ಟಿಯಲ್ಲಿ ಅತಿಥಿಗೆ ಬೇಕಾದದ್ದು ಎರಡೇ: ಪಕ್ಕದಲ್ಲಿ ಕೂತವರು ಯಾರು, ತನ್ನ ಬಗ್ಗೆ ಏನು ಹೇಳಿದರು. ಮೊದಲನೆಯದಕ್ಕೆ ಅವರ ಕೈಗೆ ಅರ್ಧ ಪುಟದ ಹಿಂದಿ ಚೀಟಿ ಕೊಡಿ, ಕೂತ ಸಾಲಿನ ಕ್ರಮದಲ್ಲಿ ಹೆಸರು ಮತ್ತು ಹುದ್ದೆ ಬರೆದು. ಮುಖ್ಯೋಪಾಧ್ಯಾಯರನ್ನು ಅಲ್ಲಿ ‘ಪ್ರಧಾನಾಧ್ಯಾಪಕ್’ ಮಾಡಿ, ಎಸ್‌ಡಿಎಂಸಿಯನ್ನು ‘ವಿದ್ಯಾಲಯ್ ಪ್ರಬಂಧನ್ ಸಮಿತಿ’ ಮಾಡಿ, ಅವರ ಕಡೆಯ ಶಾಲೆಗಳಲ್ಲೂ ಆ ಹೆಸರಿನ ಸಮಿತಿ ಇರುವುದರಿಂದ ಕೂಡಲೇ ಅರ್ಥವಾಗುತ್ತದೆ. ಎರಡನೆಯದನ್ನು ಮಾತ್ರ ನೀವು ಬಾಯಲ್ಲಿ ಹೇಳಿ. ಕನ್ನಡದಲ್ಲಿ ಮುಖ್ಯ ಅತಿಥಿಯ ಸರದಿ ಬಂದಾಗ ನಿಮ್ಮ ಕನ್ನಡ ವಾಕ್ಯವನ್ನು ಪೂರ್ತಿ ಹೇಳಿ ಮುಗಿಸಿ, ಸಭಿಕರಿಗೆ ಚಪ್ಪಾಳೆ ತಟ್ಟಲು ಬಿಡಿ, ಆಮೇಲೆ ಅವರ ಕಡೆ ತಿರುಗಿ ಒಂದೂವರೆ ನಿಮಿಷದ ಹಿಂದಿ.

ಆ ಹಿಂದಿಯನ್ನು ನಾನಾಗಿದ್ದರೆ ಹೀಗೆ ಬರೆದುಕೊಳ್ಳುತ್ತಿದ್ದೆ:

“ಆದರಣೀಯ್ ಕಮಾಂಡರ್ …, ವಿದ್ಯಾಲಯ್ ಪರಿವಾರ್ ಕೀ ಓರ್ ಸೇ ಹಮ್ ಆಪ್‌ಕಾ ಹಾರ್ದಿಕ್ ಸ್ವಾಗತ್ ಕರ್‌ತೇ ಹೈಂ. ಆಪ್ ಬೀಸ್ ವರ್ಷೋಂ ಸೇ ಭಾರತೀಯ್ ನೌಸೇನಾ ಮೇಂ ಸೇವಾರತ್ ಹೈಂ. ಅಪ್‌ನೀ ವ್ಯಸ್ತತಾ ಕೇ ಬಾವ್‌ಜೂದ್ ಆಪ್‌ನೇ ಹಮಾರಾ ನಿಮಂತ್ರಣ್ ಸ್ವೀಕಾರ್ ಕಿಯಾ, ಇಸ್‌ಕೇ ಲಿಯೇ ಹಮ್ ಆಪ್‌ಕೇ ಆಭಾರೀ ಹೈಂ. ಆಪ್‌ಕೇ ಬೇಸ್ ಕಾ ನಾಮ್ ಜಿಸ್ ಕದಂಬ್ ರಾಜವಂಶ್ ಪರ್ ಹೈ, ಉಸ್‌ಕೀ ರಾಜಧಾನೀ ಬನವಾಸೀ ಇಸೀ ಜಿಲೇ ಮೇಂ ಹೈ. ಇಸ್‌ಲಿಯೇ ಆಪ್ ಹಮಾರೇ ಅತಿಥಿ ಭೀ ಹೈಂ ಔರ್ ಪಡೋಸೀ ಭೀ.”

ನಿಮ್ಮ ಒಂದು ವಾಕ್ಯ ಇಲ್ಲಿ ಮೂರಾಗಿದೆ. ‘ಸೇವಾ ಕರನೇವಾಲೇ’ ಹೋಗಿ ‘ಸೇವಾರತ್ ಹೈಂ’ ಬಂದಿದೆ. ಸೇವಾ ಕರ್‌ನಾ ಎಂದರೆ ಕಾಲೊತ್ತುವುದರಿಂದ ಹಿಡಿದು ದೇವಸ್ಥಾನದ ಸೇವೆಯವರೆಗೆ ಏನೂ ಆಗಬಹುದು. ನೌಕರಿಯಲ್ಲಿರುವವರಿಗೆ ಸೇವಾರತ್ ಸರಿ. ‘ಖಾಲೀ ಸಮಯ ನಹೀಂ ಹೋನೇ ಪರ’ ಎಂಬುದನ್ನೂ ಬಿಟ್ಟೆ, ನಮ್ಮ ‘ಬಿಡುವಿಲ್ಲದ’ ಎನ್ನುವುದಕ್ಕೆ ಅವರು ‘ವ್ಯಸ್ತತಾ’ ಎನ್ನುತ್ತಾರೆ. ‘ಆಪ್’ ಎಂಬುದು ಎರಡು ಕೆಲಸ ಮಾಡುತ್ತಿರುವುದನ್ನು ಗಮನಿಸಿ. ಕನ್ನಡದಲ್ಲಿ ಅತಿಥಿಯನ್ನು ಸಭೆಗೆ ಪರಿಚಯಿಸುವಾಗ ‘ಇವರು’ ಎನ್ನುತ್ತೇವೆ, ಅವರೊಂದಿಗೆ ಮಾತಾಡುವಾಗ ‘ತಾವು’. ಹಿಂದಿಯ ಸಭಾ ಮರ್ಯಾದೆಯಲ್ಲಿ ಎರಡಕ್ಕೂ ‘ಆಪ್’ ನಡೆಯುತ್ತದೆ. ಆದ್ದರಿಂದ ನೀವು ಮಧ್ಯೆ ಪಾಲಕರ ಕಡೆ ತಿರುಗಿದರೂ ಮಾತು ಬದಲಿಸಬೇಕಿಲ್ಲ. ಕ್ರಿಯಾಪದ ಮಾತ್ರ ಯಾವಾಗಲೂ ‘ಹೈಂ’. ನಮ್ಮ ಪೇಟೆ ಹಿಂದಿಯ ‘ಆಪ್ ಆಯಾ ಹೈ’ ಮೀನು ಮಾರ್ಕೆಟ್ಟಿನಲ್ಲಿ ನಡೆದೀತು, ಮೈಕಿನಲ್ಲಿ ಬೇಡ.

ಕದಂಬರ ಸಾಲನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ಇಲ್ಲಿಯ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದ್ದು, ಹೆಸರು ನಮ್ಮ ಬನವಾಸಿಯ ಅರಸರದು. ಆದರೆ ಉತ್ತರದವರಿಗೆ ಕದಂಬ್ ಎಂದರೆ ಮೊದಲು ಹೊಳೆಯುವುದು ಕೃಷ್ಣ ಕೊಳಲೂದಿದ ಮರ. ಅದಕ್ಕೇ ‘ರಾಜವಂಶ್’ ಎಂದು ಬಿಡಿಸಿ ಹೇಳಬೇಕು. ಇಂಥದ್ದೇ ಇನ್ನೊಂದು ನಮ್ಮ ಕಾಳಿ ನದಿ. ಹಿಂದಿಯಲ್ಲಿ ‘ಳ’ ಇಲ್ಲ, ‘ಕಾಲೀ ನದೀ’ ಎಂದರೆ ಕಪ್ಪು ಹೊಳೆ. ನಿಮ್ಮ ಭಾಷಣದಲ್ಲಿ ನದಿಯ ವರ್ಣನೆ ಇದ್ದರೆ ಕನ್ನಡದ ಭಾಗದಲ್ಲೇ ಇಟ್ಟುಕೊಳ್ಳಿ.

ಇನ್ನು ಕನ್ನಡ ಲಿಪಿಯಲ್ಲಿ ಹಿಂದಿ ಬರೆದುಕೊಳ್ಳುವ ವಿಷಯ. ನೀವು ‘ಸ್ವಾಗತ’, ‘ಸಮಯ’, ‘ತರಫ’ ಎಂದು ಬರೆದಿದ್ದೀರಿ, ದೇವನಾಗರಿಯಲ್ಲಿ ಹಾಗೆಯೇ ಕಾಣುವುದರಿಂದ. ಆದರೆ ಕನ್ನಡದ ಕಣ್ಣು ಬರೆದದ್ದನ್ನೆಲ್ಲ ಉಚ್ಚರಿಸುತ್ತದೆ, ಕೊನೆಯ ‘ಅ’ವನ್ನೂ ಬಿಡದೆ. ಹಿಂದಿಯವರು ಅದನ್ನು ನುಂಗುತ್ತಾರೆ. ಅದಕ್ಕೆ ನೀವು ಅರ್ಧಾಕ್ಷರ ಹಾಕಿಯೇ ಬರೆದುಕೊಳ್ಳಬೇಕು: ಸ್ವಾಗತ್, ಸಮಯ್, ತರಫ್. ಶಬ್ದದ ನಡುವೆಯೂ ಹಾಗೇ, ‘ಕರತೇ’ ಅಲ್ಲ ‘ಕರ್‌ತೇ’, ‘ಅಪನೀ’ ಅಲ್ಲ ‘ಅಪ್‌ನೀ’. ಕೊನೆಯಲ್ಲಿ ‘ಮುಖ್ಯ’ದಲ್ಲಿರುವಂಥ ಒತ್ತಕ್ಷರ ಇದ್ದರೆ ಮಾತ್ರ ಸಣ್ಣ ‘ಅ’ ಉಳಿಯಲಿ. ಸೊನ್ನೆಯದು ಇನ್ನೊಂದು ಗೋಳು. ‘ಹೈಂ’, ‘ಮೇಂ’ ಎಂದು ಬರೆದರೆ ನಮ್ಮ ನಾಲಿಗೆ ತುಟಿ ಮುಚ್ಚಿ ‘ಹೈಮ್’, ‘ಮೇಮ್’ ಎನ್ನುತ್ತದೆ. ತುಟಿ ಮುಚ್ಚಬಾರದು, ಸ್ವರವನ್ನೇ ಮೂಗಿನಲ್ಲಿ ಬಿಡಬೇಕು. ಮತ್ತೆ ಕೊಂಕಣಿಯ ಗೆಳತಿಯ ಹತ್ತಿರವೇ ಹೋಗಿ, ಅವರ ‘ಕೆಲೆಂ’ ಎಂಬ ಮಾತಿನ ಕೊನೆಯಲ್ಲಿ ಬರುವ ಸದ್ದು ಅದೇ. ನಾನು ಚೀಟಿಯಲ್ಲಿ ಅಂಥ ಸೊನ್ನೆಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಳ್ಳುತ್ತೇನೆ.

ವಿಚಿತ್ರವೆಂದರೆ ಕೆಲವು ಕಡೆ ಮೂಗಿನ ಸದ್ದು ಬರಲೇಬಾರದು. ಹಿಂದಿಯಲ್ಲಿ ಮಕ್ಕಳ ಬಗ್ಗೆ ಹೇಳುವಾಗ ‘ಬಚ್ಚೋಂ ಕೋ’, ‘ಬಚ್ಚೋಂ ಕೇ’. ಆದರೆ ಮಕ್ಕಳನ್ನು ಕರೆಯುವಾಗ ‘ಪ್ಯಾರೇ ಬಚ್ಚೋ’, ಸೊನ್ನೆ ಇಲ್ಲ. ‘ಭಾಇಯೋ ಔರ್ ಬಹನೋ’ ಕೂಡ ಹಾಗೆಯೇ. ಹಿಂದಿಯನ್ನೇ ತಾಯ್ನುಡಿಯಾಗಿ ಉಳ್ಳವರೂ ಬರೆಯುವಾಗ ಇಲ್ಲಿ ಸೊನ್ನೆ ಹಾಕಿಬಿಡುತ್ತಾರೆ, ನೀವು ಸರಿಯಾಗಿ ಹೇಳಿದರೆ ಅವರಿಗಿಂತ ಒಂದು ಕೈ ಮೇಲೆ.

ಸ್ವಾಗತ ಮಾಡಿದವರನ್ನೇ ಆಮೇಲೆ ‘ಅತಿಥಿಗಳನ್ನು ಮಾತಿಗೆ ಕರೆಯಿರಿ’ ಎಂದು ದೂಡುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ, ಆ ಸಾಲನ್ನೂ ಈಗಲೇ ಬರೆದಿಟ್ಟುಕೊಳ್ಳಿ. ‘ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು’ ಎಂಬುದನ್ನು ‘ಬಚ್ಚೋಂ ಕೋ ಚಾರ್ ಬಾತೇಂ ಸುನಾಇಯೇ’ ಎಂದು ಮಾಡಿದರೆ ಮಕ್ಕಳಿಗೆ ಚೆನ್ನಾಗಿ ಬೈಯಿರಿ ಎಂದು ಕೇಳಿಕೊಂಡ ಹಾಗೆ. ನಮ್ಮ ನಾಲ್ಕು ಮಾತು ಅಲ್ಲಿ ಎರಡೇ ಶಬ್ದ: ‘ಆಪ್‌ಸೇ ಅನುರೋಧ್ ಹೈ ಕಿ ದೋ ಶಬ್ದ್ ಕಹೇಂ’. ಮತ್ತೆ ಅವರು ಎದ್ದು ನಿಂತು ‘ಶಿಕ್ಷಾ’ದ ಬಗ್ಗೆ ಮಾತಾಡತೊಡಗಿದರೆ ಮುಂದಿನ ಸಾಲಿನ ಹುಡುಗರು ಗಾಬರಿಯಾಗದಂತೆ ನೋಡಿಕೊಳ್ಳಿ. ಅವರು ಹೇಳುತ್ತಿರುವುದು ಶಿಕ್ಷಣದ ವಿಷಯ.